ದೂರದ ಆಟಗಾರನ ಕಾಲು ನೆಲದ ಮೇಲೆ ನಿಲ್ಲುವುದು ಹೇಗೆ

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಹಲವರು ಸೇರಿ ಆಡುವ ಓಟ-ಶೂಟಿಂಗ್ ಆಟಗಳನ್ನು ನೋಡಿದವರಿಗೆಲ್ಲ ಎರಡು ದೃಶ್ಯಗಳು ಗೊತ್ತಿರುತ್ತವೆ. ಮೈದಾನದಲ್ಲಿ ಓಡುತ್ತಿದ್ದ ಎದುರಾಳಿ ಒಮ್ಮೆಲೇ ಇದ್ದ ಜಾಗ ಬಿಟ್ಟು ಮೂರಡಿ ಆಚೆ ಪ್ರತ್ಯಕ್ಷನಾಗುವುದು ಒಂದು. ಕಾಲುಗಳು ತಮ್ಮ ಪಾಡಿಗೆ ಓಡುತ್ತಿದ್ದರೂ ದೇಹ ಅವುಗಳಿಗೆ ಸಂಬಂಧವೇ ಇಲ್ಲದಂತೆ ಪಕ್ಕಕ್ಕೆ ಜಾರಿಕೊಂಡು ಹೋಗುವುದು ಇನ್ನೊಂದು. ಆಡುವವರು ಎರಡನ್ನೂ ಸೇರಿಸಿ 'ಲ್ಯಾಗ್' ಎನ್ನುತ್ತಾರೆ, ನೆಟ್‌ವರ್ಕನ್ನು ಬೈಯುತ್ತಾರೆ. ಮೊದಲನೆಯದಕ್ಕೆ ಆ ಬೈಗುಳ ಸಲ್ಲುತ್ತದೆ. ಎರಡನೆಯದು ಮಾತ್ರ ಬಹಳ ಸಲ ನೆಟ್‌ವರ್ಕಿನ ತಪ್ಪಲ್ಲ. ಮೊದಲನೆಯ ದೋಷವನ್ನು ಮುಚ್ಚಲು ಆಟ ಬರೆದವರು ಮಾಡಿದ ಉಪಾಯದಿಂದಲೇ ಹುಟ್ಟಿದ್ದು ಅದು. ಎಗರುವುದನ್ನು ತಪ್ಪಿಸಲು ಹೋದಾಗ ಜಾರುವುದು ಯಾಕೆ ಶುರುವಾಗುತ್ತದೆ, ಎರಡನ್ನೂ ಒಟ್ಟಿಗೆ ಹಿಡಿತಕ್ಕೆ ತರುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ನಮ್ಮ ಪಾತ್ರಕ್ಕೆ ಈ ಕಷ್ಟ ಅಷ್ಟಾಗಿ ಇಲ್ಲ. ನಾವು ಬಟನ್ ಒತ್ತಿದ್ದು ನಮ್ಮ ಯಂತ್ರಕ್ಕೆ ಆ ಕ್ಷಣವೇ ಗೊತ್ತಾಗುತ್ತದೆ. ಸರ್ವರಿನ ಒಪ್ಪಿಗೆ ಬರುವವರೆಗೆ ಕಾಯದೆ ಅದು ಪಾತ್ರವನ್ನು ನಡೆಸಿಬಿಡುತ್ತದೆ, ಆಮೇಲೆ ಸರ್ವರಿನ ಲೆಕ್ಕದೊಂದಿಗೆ ತಾಳೆ ನೋಡುತ್ತದೆ. 1996ರಲ್ಲಿ ಜಾನ್ ಕಾರ್ಮ್ಯಾಕ್ 'ಕ್ವೇಕ್‌ವರ್ಲ್ಡ್'ನಲ್ಲಿ ಈ ದಾರಿ ಹಿಡಿದ ಮೇಲೆ ಇಂಟರ್ನೆಟ್ಟಿನಲ್ಲಿ ವೇಗದ ಆಟ ಆಡುವುದು ಸಾಧ್ಯವಾಯಿತು. ದೂರದ ಆಟಗಾರನ ವಿಷಯದಲ್ಲಿ ಈ ದಾರಿ ಇಲ್ಲ. ಅವನ ಬೆರಳು ಯಾವ ಬಟನ್ ಮೇಲಿದೆ ಎಂಬುದು ನಮ್ಮ ಯಂತ್ರಕ್ಕೆ ಗೊತ್ತಾಗುವುದು ಆ ಸುದ್ದಿ ಇಲ್ಲಿಗೆ ತಲುಪಿದಾಗಲೇ.

ಆ ಸುದ್ದಿ ತಲುಪುವುದಕ್ಕೆ ಒಂದು ಕನಿಷ್ಠ ಕಾಲ ಬೇಕೇ ಬೇಕು. ಆಪ್ಟಿಕಲ್ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನ ಆಟಗಾರ ಸಿಂಗಪುರದ ಸರ್ವರಿನಲ್ಲಿ ಆಡುತ್ತಿದ್ದಾನೆ ಎಂದಿಟ್ಟುಕೊಳ್ಳಿ. ನಡುವಿನ ನೇರ ದೂರ ಸುಮಾರು 3,200 ಕಿ.ಮೀ. ಕೇಬಲ್ ಅಷ್ಟು ನೇರವಾಗಿದ್ದರೂ ಹೋಗಿಬರಲು 32 ಮಿಲಿಸೆಕೆಂಡ್ ಬೇಕು. ನಿಜವಾದ ಕೇಬಲ್ ಸುತ್ತಿ ಬಳಸಿ ಹೋಗುತ್ತದೆ, ದಾರಿಯಲ್ಲಿ ಹತ್ತಾರು ರೂಟರುಗಳು ಇರುತ್ತವೆ, ಆದ್ದರಿಂದ ಪರದೆಯ ಮೂಲೆಯಲ್ಲಿ ಕಾಣುವ ಪಿಂಗ್ ಇದಕ್ಕಿಂತ ಹೆಚ್ಚೇ ಇರುತ್ತದೆ. ಈ ತಡ ಒಂದೇ ಸಮನಾಗಿದ್ದರೆ ಅನಿಮೇಷನ್ನಿಗೆ ತೊಂದರೆ ಇರಲಿಲ್ಲ. ಎದುರಾಳಿ ಸ್ವಲ್ಪ ಹಿಂದಿನ ಕಾಲದಲ್ಲಿ, ಆದರೆ ಸರಾಗವಾಗಿ ಓಡುತ್ತಿದ್ದ. ತೊಂದರೆ ಕೊಡುವುದು ತಡದ ಏರಿಳಿತ. ಒಂದು ಪ್ಯಾಕೆಟ್ 50 ಮಿಲಿಸೆಕೆಂಡಿನಲ್ಲಿ ಬರುತ್ತದೆ, ಮುಂದಿನದು 90ಕ್ಕೆ, ಅದರ ಮುಂದಿನದು ಬರುವುದೇ ಇಲ್ಲ. ಈ ಏರಿಳಿತಕ್ಕೆ ಜಿಟರ್ ಎನ್ನುತ್ತಾರೆ. ಮೊಬೈಲ್ ಡೇಟಾದಲ್ಲಿ, ಮೂರು ಗೋಡೆಗಳಾಚೆಯ ವೈಫೈಯಲ್ಲಿ ಇದು ಹೆಚ್ಚು.

ಸರ್ವರ್ ಕಳಿಸುವುದು ವಿಡಿಯೋ ಅಲ್ಲ. ಪ್ರತಿ ಪಾತ್ರ ಎಲ್ಲಿದೆ, ಯಾವ ಕಡೆ ಎಷ್ಟು ವೇಗದಲ್ಲಿ ಹೋಗುತ್ತಿದೆ, ಎತ್ತ ನೋಡುತ್ತಿದೆ, ಕೂತಿದೆಯೋ ನೆಗೆದಿದೆಯೋ ಎಂಬ ಕೆಲವೇ ಅಂಕಿಗಳನ್ನು, ಅವು ಯಾವ ಕ್ಷಣದವು ಎಂಬ ಗುರುತಿನ ಜೊತೆ ಕಳಿಸುತ್ತದೆ. ಇಂಥ ಒಂದು ಕಂತಿಗೆ ಸ್ನ್ಯಾಪ್‌ಶಾಟ್ ಎಂದು ಹೆಸರು. ಮೊಣಕಾಲು ಎಷ್ಟು ಮಡಚಿದೆ, ತೋಳು ಎಲ್ಲಿ ಬೀಸಿದೆ ಎಂಬುದೆಲ್ಲ ಅದರಲ್ಲಿ ಇರುವುದಿಲ್ಲ. ಆ ಭಂಗಿಗಳನ್ನು ನಮ್ಮ ಯಂತ್ರವೇ ಅಂಕಿಗಳನ್ನು ನೋಡಿ ಊಹಿಸಿ ಕಟ್ಟುತ್ತದೆ. ಹೀಗಾಗಿ ದೂರದ ಆಟಗಾರನ ದೇಹದ ಜಾಗ ಸರ್ವರಿನಿಂದ ಬಂದದ್ದು, ಕಾಲಿನ ಚಲನೆ ನಮ್ಮಲ್ಲಿ ತಯಾರಾದದ್ದು. ಎರಡರ ಮೂಲವೇ ಬೇರೆ. ಜಾರುವಿಕೆಯ ಬೀಜ ಇರುವುದು ಇಲ್ಲೇ.

ಈಗ ಒಂದು ಲೆಕ್ಕ ಹಾಕೋಣ. ಕೊನೆಯವರೆಗೂ ಇದೇ ಲೆಕ್ಕ ನಮ್ಮ ಜೊತೆ ಬರುತ್ತದೆ. ಪಾತ್ರ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡುತ್ತಿದೆ. ಸರ್ವರ್ ಸೆಕೆಂಡಿಗೆ 20 ಸ್ನ್ಯಾಪ್‌ಶಾಟ್ ಕಳಿಸುತ್ತದೆ, ಅಂದರೆ 50 ಮಿಲಿಸೆಕೆಂಡಿಗೆ ಒಂದು. ಅಷ್ಟರಲ್ಲಿ ಪಾತ್ರ 30 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಪರದೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತದೆ. ಬಂದ ಸ್ನ್ಯಾಪ್‌ಶಾಟನ್ನು ಬಂದ ಹಾಗೆ ತೋರಿಸಿದರೆ ಎದುರಾಳಿ ಮೂರು ಚಿತ್ರಗಳ ಕಾಲ ಒಂದೇ ಕಡೆ ನಿಂತು, ನಾಲ್ಕನೆಯದರಲ್ಲಿ 30 ಸೆಂ.ಮೀ. ಎಗರುತ್ತಾನೆ. ನೆಟ್‌ವರ್ಕ್ ಎಷ್ಟೇ ಚೆನ್ನಾಗಿರಲಿ, ಅವನು ತಡವರಿಸುವಂತೆಯೇ ಕಾಣುತ್ತಾನೆ.

ಇದಕ್ಕೆ ಹಳೆಯ, ಇಂದಿಗೂ ಗಟ್ಟಿಯಾದ ಪರಿಹಾರವೆಂದರೆ ಬೇಕೆಂತಲೇ ಸ್ವಲ್ಪ ಹಿಂದೆ ಉಳಿಯುವುದು. ನಗರಸಭೆಯ ನೀರು ಹೊತ್ತಲ್ಲದ ಹೊತ್ತಿಗೆ ಬಂದು ಹೋದರೂ ಛಾವಣಿಯ ಮೇಲಿನ ಟ್ಯಾಂಕಿನಿಂದ ಅಡುಗೆಮನೆಯ ನಲ್ಲಿಯಲ್ಲಿ ಒಂದೇ ಸಮನೆ ನೀರು ಬರುತ್ತದಲ್ಲ, ಅದೇ ವ್ಯವಸ್ಥೆ. ಬಂದ ಸ್ನ್ಯಾಪ್‌ಶಾಟುಗಳನ್ನು ಒಂದು ಬಫರಿನಲ್ಲಿ ಕೂಡಿಟ್ಟು, 100 ಮಿಲಿಸೆಕೆಂಡ್ ಹಿಂದಿನ ಕ್ಷಣವನ್ನು ತೋರಿಸುತ್ತಾ ಹೋಗುವುದು. ತೋರಿಸಬೇಕಾದ ಕ್ಷಣದ ಆಚೆಗೊಂದು ಈಚೆಗೊಂದು ಸ್ನ್ಯಾಪ್‌ಶಾಟ್ ಕೈಯಲ್ಲಿರುವುದರಿಂದ ಅವುಗಳ ನಡುವಿನ ಜಾಗವನ್ನು ಲೆಕ್ಕ ಹಾಕಿ ತುಂಬಬಹುದು. ಇದಕ್ಕೆ ಇಂಟರ್‌ಪೊಲೇಷನ್ ಎನ್ನುತ್ತಾರೆ. ವಾಲ್ವ್ ಕಂಪನಿಯ 'ಸೋರ್ಸ್' ಎಂಜಿನ್ನಿನಲ್ಲಿ `cl_interp` ಎಂಬ ಸೆಟ್ಟಿಂಗಿನ ಮೂಲ ಬೆಲೆ 0.1, ಅಂದರೆ ಇದೇ 100 ಮಿಲಿಸೆಕೆಂಡ್. 50ರ ಎರಡು ಪಟ್ಟು ಯಾಕೆಂದರೆ, ನಡುವೆ ಒಂದು ಪ್ಯಾಕೆಟ್ ಕಳೆದುಹೋದರೂ ಮುಂದಿನದು ಸರಿಯಾಗಿ ಬಫರ್ ಖಾಲಿಯಾಗುವ ಹೊತ್ತಿಗೆ ಬಂದಿರುತ್ತದೆ. ಅದೇ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ಈ ಇಡೀ ವ್ಯವಸ್ಥೆಯನ್ನು ವಿವರಿಸಿ ಬರೆದರು. ಆಮೇಲೆ ಬಂದ ಎಷ್ಟೋ ಆಟಗಳ ಬುನಾದಿಯಲ್ಲಿ ಆ ಬರಹ ಇದೆ.

ಇದರಲ್ಲಿ ಕಳೆದುಕೊಳ್ಳುವುದೂ ಇದೆ. ಆರು ಮೀಟರ್ ವೇಗದ ಪಾತ್ರವನ್ನು 100 ಮಿಲಿಸೆಕೆಂಡ್ ತಡವಾಗಿ ತೋರಿಸಿದರೆ ಅವನು ಇರಬೇಕಾದ ಜಾಗಕ್ಕಿಂತ 60 ಸೆಂ.ಮೀ. ಹಿಂದೆ ಕಾಣುತ್ತಾನೆ. ಆದರೂ ಅವನು ನಿಜವಾಗಿ ಹೆಜ್ಜೆ ಇಟ್ಟ ದಾರಿಯಲ್ಲೇ ಕಾಣುತ್ತಾನೆ. ತಪ್ಪಿರುವುದು ಕಾಲದಲ್ಲಿ, ಜಾಗದಲ್ಲಲ್ಲ.

ಒಂದರ ಬದಲು ಮೂರು ಪ್ಯಾಕೆಟ್ ಸಾಲಾಗಿ ಕಳೆದುಹೋದರೆ? ಅದನ್ನೇ ಬಿಡಿಸಿ ನೋಡೋಣ. ಪಾತ್ರ ಪೂರ್ವಕ್ಕೆ ಓಡುತ್ತಿದೆ. 0.95ನೇ ಸೆಕೆಂಡಿನ ಸ್ನ್ಯಾಪ್‌ಶಾಟ್ ಬಂತು. 1.00, 1.05, 1.10ರವು ಬರಲಿಲ್ಲ. ಆಮೇಲೆ 1.15ರದ್ದು ಬಂತು. ಆ ನಡುವೆ, 0.95 ದಾಟಿದ ಕೂಡಲೇ, ಆಟಗಾರ ಉತ್ತರಕ್ಕೆ ತಿರುಗಿದ್ದ. ಇದು ನಮಗೆ ಗೊತ್ತಿಲ್ಲ. ನಾವು 100 ಮಿಲಿಸೆಕೆಂಡ್ ಹಿಂದೆ ಇರುವುದರಿಂದ ಮೊದಲ 100 ಮಿಲಿಸೆಕೆಂಡ್ ಬಫರ್ ಕಾಪಾಡುತ್ತದೆ. ಆಮೇಲೆ ಅದು ಬರಿದಾಗುತ್ತದೆ. ಮುಂದಿನ ಸುದ್ದಿ ಬರಲು ಇನ್ನೂ 100 ಮಿಲಿಸೆಕೆಂಡ್ ಇದೆ. ಈಗ ಪಾತ್ರವನ್ನು ಇದ್ದಲ್ಲೇ ನಿಲ್ಲಿಸಬಹುದು, ಇಲ್ಲವೇ ಕೊನೆಯದಾಗಿ ಗೊತ್ತಿದ್ದ ವೇಗದಲ್ಲೇ ಮುಂದೆ ಓಡಿಸಬಹುದು. ಎರಡನೆಯದಕ್ಕೆ ಎಕ್ಸ್‌ಟ್ರಪೊಲೇಷನ್ ಎನ್ನುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಸೇನೆಯ ತರಬೇತಿಗಾಗಿ ಕಟ್ಟಿದ 'ಸಿಮ್‌ನೆಟ್' ವ್ಯವಸ್ಥೆ ಟ್ಯಾಂಕುಗಳನ್ನು ಹೀಗೇ ಮುಂದೆ ನಡೆಸುತ್ತಿತ್ತು. ಯುದ್ಧದ ಟ್ಯಾಂಕಿಗೆ ಇದು ಸರಿಹೊಂದುತ್ತದೆ. ಅಷ್ಟು ಭಾರದ ವಾಹನ ಹತ್ತನೇ ಒಂದು ಸೆಕೆಂಡಿನಲ್ಲಿ ತಿರುಗಲಾರದು. ಆಟದ ಮನುಷ್ಯ ಹಾಗಲ್ಲ. ಬೆರಳಿನ ಒಂದು ಒತ್ತಿಗೆ ಅವನು ಹಿಂದೆಮುಂದಾಗುತ್ತಾನೆ. ಆದ್ದರಿಂದ ಮನುಷ್ಯ ಪಾತ್ರಗಳ ಮಟ್ಟಿಗೆ ಈ ಊಹೆಯನ್ನು ತುಂಬ ಹೊತ್ತು ನಂಬಬಾರದು. ಸೋರ್ಸ್ ಎಂಜಿನ್ ಇದಕ್ಕೆ ಕಾಲು ಸೆಕೆಂಡಿನ ಮಿತಿ ಹಾಕಿದೆ. ಊಹಿಸುವಷ್ಟು ಹೊತ್ತು ವೇಗವನ್ನೂ ಮೆಲ್ಲಗೆ ತಗ್ಗಿಸುತ್ತಾ ಬಂದರೆ ತಪ್ಪು ಇನ್ನಷ್ಟು ಚಿಕ್ಕದಾಗಿಯೇ ಉಳಿಯುತ್ತದೆ.

ನಮ್ಮ ಉದಾಹರಣೆಯಲ್ಲಿ ವೇಗ ತಗ್ಗಿಸಲಿಲ್ಲ ಎಂದುಕೊಳ್ಳೋಣ. 100 ಮಿಲಿಸೆಕೆಂಡಿನಲ್ಲಿ ಪಾತ್ರವನ್ನು ನಾವು ಪೂರ್ವಕ್ಕೆ 60 ಸೆಂ.ಮೀ. ಓಡಿಸಿಬಿಟ್ಟೆವು. ಅವನು ನಿಜವಾಗಿ ಉತ್ತರಕ್ಕೆ 60 ಸೆಂ.ಮೀ. ಹೋಗಿದ್ದ. 1.15ರ ಸ್ನ್ಯಾಪ್‌ಶಾಟ್ ಬಂದಾಗ ನಾವು ತೋರಿಸುತ್ತಿರುವ ಜಾಗಕ್ಕೂ ತೋರಿಸಬೇಕಾದ ಜಾಗಕ್ಕೂ ಮೂಲೆಯಿಂದ ಮೂಲೆಗೆ 85 ಸೆಂ.ಮೀ. ಅಂತರ. ಒಂದೇ ಚಿತ್ರದಲ್ಲಿ ಅದನ್ನು ಸರಿಪಡಿಸಿದರೆ ಆರಂಭದಲ್ಲಿ ಹೇಳಿದ ಎಗರುವಿಕೆ.

ಹೀಗೆ ಎಗರದಂತೆ ಮಾಡಲು 'ಅನ್‌ರಿಯಲ್' ಎಂಜಿನ್ ಬಳಸುವ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು. ಅದರಲ್ಲಿ ಪಾತ್ರಕ್ಕೆ ಎರಡು ದೇಹ. ಒಂದು ಕಣ್ಣಿಗೆ ಕಾಣದ ಕ್ಯಾಪ್ಸೂಲ್, ಮಾತ್ರೆಯ ಆಕಾರದ್ದು; ಗೋಡೆಗೆ ತಾಗುವುದು, ನೆಲದ ಮೇಲೆ ನಿಲ್ಲುವುದು ಅದು. ಇನ್ನೊಂದು ಕಣ್ಣಿಗೆ ಕಾಣುವ ಮೆಶ್, ಬಟ್ಟೆ ತೊಟ್ಟ ಮನುಷ್ಯ. ಸರಿಯಾದ ಜಾಗ ಗೊತ್ತಾದ ಕೂಡಲೇ ಕ್ಯಾಪ್ಸೂಲ್ ಅಲ್ಲಿಗೆ ಹಾರುತ್ತದೆ. ಮೆಶ್ ಹಳೆಯ ಜಾಗದಲ್ಲೇ ಉಳಿಯುತ್ತದೆ. ಎರಡರ ನಡುವಿನ ಅಂತರವನ್ನು ಬರೆದಿಟ್ಟುಕೊಂಡು, ಪ್ರತಿ ಚಿತ್ರಕ್ಕೂ ಅದನ್ನು ಸ್ವಲ್ಪ ಸ್ವಲ್ಪ ಕರಗಿಸಲಾಗುತ್ತದೆ. ಸಾರಾಂಶ ಮೂರು ಸಾಲಿನದು:

```
offset = offset + (oldPos - newPos)
offset = offset * (1 - dt / 0.1)
meshPos = capsulePos + offset
```

ಮೊದಲ ಸಾಲು ತಿದ್ದುಪಡಿ ಬಂದಾಗ ಮಾತ್ರ ನಡೆಯುತ್ತದೆ, ಉಳಿದೆರಡು ಪ್ರತಿ ಚಿತ್ರಕ್ಕೂ. ಇಲ್ಲಿ 0.1 ಎಂಬುದು ಕರಗುವ ವೇಗವನ್ನು ಹೇಳುವ ಕಾಲ, ಸೆಕೆಂಡಿನಲ್ಲಿ. ಸೆಕೆಂಡಿಗೆ 60 ಚಿತ್ರವಾದರೆ ಪ್ರತಿ ಸಲವೂ ಅಂತರದ ಆರನೇ ಒಂದು ಪಾಲು ಕರಗುತ್ತದೆ. 85 ಸೆಂ.ಮೀ. ಆರು ಚಿತ್ರಗಳ ಬಳಿಕ ಸುಮಾರು 28ಕ್ಕೆ, ಹನ್ನೆರಡರ ಬಳಿಕ ಒಂಬತ್ತೂವರೆಗೆ, ಹದಿನೆಂಟರ ಬಳಿಕ ಮೂರರ ಆಸುಪಾಸಿಗೆ ಇಳಿಯುತ್ತದೆ. ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ತಪ್ಪು ಅಳಿದುಹೋಗುತ್ತದೆ, ಎಲ್ಲೂ ಎಗರಿದಂತೆ ಕಾಣುವುದಿಲ್ಲ. ತಪ್ಪು ತೀರಾ ದೊಡ್ಡದಾದರೆ ಕರಗಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಅನ್‌ರಿಯಲ್‌ನಲ್ಲಿ ಮೂಲತಃ 256 ಸೆಂ.ಮೀ. ಮೀರಿದ ಅಂತರವನ್ನು ಅಷ್ಟಕ್ಕೇ ಕತ್ತರಿಸಲಾಗುತ್ತದೆ. 384 ಮೀರಿದರೆ ನೇರವಾಗಿ ಎಗರಲು ಬಿಡಲಾಗುತ್ತದೆ. ಬಾಗಿಲಾಚೆಗೆ ಹೋದವನನ್ನು ಗೋಡೆಯೊಳಗಿಂದ ಎಳೆದು ತರುವುದಕ್ಕಿಂತ ಅದೇ ಮೇಲು.

ಬಹಳ ತಂಡಗಳು ಇಲ್ಲಿಗೆ ಕೆಲಸ ಮುಗಿಯಿತೆಂದು ನಿಲ್ಲಿಸುತ್ತವೆ. ಅಲ್ಲಿಂದಲೇ ಜಾರುವಿಕೆ ಶುರು.

ತಿದ್ದುಪಡಿ ಬಂದ ಮೊದಲ ಚಿತ್ರವನ್ನೇ ನೋಡಿ. ಅಂತರದ ಆರನೇ ಒಂದು ಪಾಲು ಅಂದರೆ ಪಶ್ಚಿಮಕ್ಕೆ 10 ಸೆಂ.ಮೀ., ಉತ್ತರಕ್ಕೆ 10 ಸೆಂ.ಮೀ. ಇದರ ಜೊತೆಗೆ ಪಾತ್ರದ ಸ್ವಂತ ಓಟ ಉತ್ತರಕ್ಕೆ ಇನ್ನೂ 10 ಸೆಂ.ಮೀ. ಒಟ್ಟು ಪಶ್ಚಿಮಕ್ಕೆ ಹತ್ತು, ಉತ್ತರಕ್ಕೆ ಇಪ್ಪತ್ತು. ಓರೆಯಾಗಿ ಅಳೆದರೆ 22 ಸೆಂ.ಮೀ. ಒಂದೇ ಚಿತ್ರದಲ್ಲಿ ಇಷ್ಟು ಸರಿದರೆ ಅದು ಸೆಕೆಂಡಿಗೆ 13 ಮೀಟರಿಗೂ ಮೇಲಿನ ವೇಗ. ಕಾಲಿನ ಅನಿಮೇಷನ್ ಮಾತ್ರ ಸ್ನ್ಯಾಪ್‌ಶಾಟಿನಲ್ಲಿ ಬಂದ ಅಂಕಿಯನ್ನು ನೋಡಿ ಸೆಕೆಂಡಿಗೆ 6 ಮೀಟರಿನ ಓಟವನ್ನೇ ಆಡಿಸುತ್ತಿದೆ. ನೆಲಕ್ಕೆ ಊರಿದ ಪಾದ ಇದ್ದಲ್ಲೇ ಇರಬೇಕಿತ್ತು; ಅದು ಒಂದೇ ಚಿತ್ರದಲ್ಲಿ ಅರ್ಧ ಗೇಣಿಗೂ ಹೆಚ್ಚು ಓರೆಯಾಗಿ ಜರುಗಿತು. ನೋಡುವವನಿಗೆ ಲೆಕ್ಕ ಗೊತ್ತಿಲ್ಲದಿರಬಹುದು. ಹುಟ್ಟಿದಾಗಿನಿಂದ ಜನರು ನಡೆಯುವುದನ್ನು ನೋಡಿದ ಕಣ್ಣಿಗೆ ಮಾತ್ರ ಅದು ತಪ್ಪೆಂದು ತಕ್ಷಣ ತಿಳಿಯುತ್ತದೆ.

ಹಾಗಾದರೆ ಕಾಲಿಗೆ ಕಾಣುವ ದೇಹದ ವೇಗವನ್ನೇ ಕೊಟ್ಟರೆ? ಕಾಲುಗಳು ನೂರನೇ ಕೆಲವು ಸೆಕೆಂಡು ಎರಡು ಪಟ್ಟು ವೇಗದಲ್ಲಿ ಬಡಿದು ಮತ್ತೆ ಸಾಮಾನ್ಯಕ್ಕೆ ಬರುತ್ತವೆ. ಜಾರುವಿಕೆ ಹೋಗಿ ನಡುಕ ಬಂತು. ತಪ್ಪು ಎಲ್ಲೂ ಮಾಯವಾಗಲಿಲ್ಲ; ದೇಹದಿಂದ ಕಾಲಿಗೆ ದಾಟಿತು, ಅಷ್ಟೆ. ಈ ಕೆಲಸದಲ್ಲಿ ತೊಡಗಿದವರು ಮೊದಲು ಒಪ್ಪಿಕೊಳ್ಳಬೇಕಾದದ್ದು ಇದನ್ನೇ. ಬರಬೇಕಾದ ಸುದ್ದಿ ಬರದೆ ಹೋದಾಗ ಒಂದಿಷ್ಟು ತಪ್ಪು ಇದ್ದೇ ಇರುತ್ತದೆ. ಅದನ್ನು ಜಾಗದಲ್ಲಿ ಇಡಬೇಕೋ ಕಾಲಿನ ಚಲನೆಯಲ್ಲಿ ಇಡಬೇಕೋ ಕಾಲದಲ್ಲಿ ಇಡಬೇಕೋ ಎಂಬ ಆಯ್ಕೆ ಮಾತ್ರ ನಮ್ಮದು. ಸಾಧ್ಯವಾದಷ್ಟನ್ನು ಕಾಲದಲ್ಲಿ ಇಡುವುದೇ ಸರಿ ಎಂಬುದು ನನ್ನ ನಿಲುವು.

ಕಾರಣ ಹೀಗಿದೆ. ಜಿಟರ್ ಹೆಚ್ಚಿದ್ದನ್ನು ಕಂಡು, ಬಫರನ್ನು 100ರಿಂದ 150 ಮಿಲಿಸೆಕೆಂಡಿಗೆ ಏರಿಸಬೇಕಾಗಿದೆ ಎನ್ನೋಣ. ಒಮ್ಮೆಲೇ ಏರಿಸಿದರೆ ಪಾತ್ರ ಹಿಂದಕ್ಕೆ ಎಗರುತ್ತದೆ. ಅದರ ಬದಲು ದೂರದ ಆಟಗಾರರ ಗಡಿಯಾರವನ್ನೇ ನೂರಕ್ಕೆ ಐದರಷ್ಟು ನಿಧಾನವಾಗಿ ಓಡಿಸಿದರೆ ಒಂದು ಸೆಕೆಂಡಿನಲ್ಲಿ ಆ 50 ಮಿಲಿಸೆಕೆಂಡ್ ಕೂಡಿಕೊಳ್ಳುತ್ತದೆ. ಆ ಒಂದು ಸೆಕೆಂಡು ಆರು ಮೀಟರಿನ ಓಟ 5.7 ಮೀಟರಿನದಾಗುತ್ತದೆ. ಅದು ಕಣ್ಣಿಗೆ ಗೊತ್ತಾಗುವುದು ಕಷ್ಟ. ಕಾಲೂ ಅದೇ ಗಡಿಯಾರಕ್ಕೆ ಕಟ್ಟುಬಿದ್ದಿರುವುದರಿಂದ ಅದೂ ಅಷ್ಟೇ ನಿಧಾನವಾಗುತ್ತದೆ. ಪಾದ ಜಾರುವ ಪ್ರಶ್ನೆಯೇ ಏಳುವುದಿಲ್ಲ. ನೆಟ್‌ವರ್ಕ್ ಸುಧಾರಿಸಿದಾಗ ಅದೇ ಐದರಷ್ಟು ಚುರುಕಾಗಿ ಓಡಿಸಿ ಹಿಂದಿನ ಸ್ಥಿತಿಗೆ ಬರಬಹುದು. ಕಾಲದಲ್ಲಿ ಇಟ್ಟ ತಪ್ಪು ದೇಹವನ್ನೂ ಕಾಲನ್ನೂ ಒಟ್ಟಿಗೆ ಮುಟ್ಟುತ್ತದೆ. ಅವುಗಳ ನಡುವಿನ ಹೊಂದಾಣಿಕೆ ಕೆಡುವುದಿಲ್ಲ.

ಹೀಗೆ ಮಾಡಿದರೂ ಮೂರು ಪ್ಯಾಕೆಟ್ ಒಟ್ಟಿಗೆ ಹೋಗುವ ದಿನ ಬರುತ್ತದೆ. ಆಗ ಉಳಿದ ತಪ್ಪನ್ನು ದೇಹ ಮತ್ತು ಕಾಲು ಹಂಚಿಕೊಳ್ಳಬೇಕು. ಮೊದಲು ಮಾಡಬೇಕಾದದ್ದು ಅಂತರ ಕರಗುವ ರೀತಿಯನ್ನು ಬದಲಿಸುವುದು. ಮೇಲಿನ ಮೂರು ಸಾಲಿನ ವಿಧಾನದಲ್ಲಿ ಅಂತರ ಮೊದಲ ಕ್ಷಣದಲ್ಲೇ ಅತಿ ವೇಗವಾಗಿ ಕರಗುತ್ತದೆ. ಅದರ ಬದಲು ನಿಧಾನವಾಗಿ ಶುರುವಾಗಿ, ನಡುವೆ ಚುರುಕಾಗಿ, ಕೊನೆಗೆ ಮತ್ತೆ ನಿಧಾನವಾಗುವ ಬಾಗಿದ ಗೆರೆಯಲ್ಲಿ 0.3 ಸೆಕೆಂಡಿನ ಮೇಲೆ ಹರಡಿದರೆ, ಅತಿ ಚುರುಕಾದ ಕ್ಷಣದಲ್ಲೂ ತಿದ್ದುಪಡಿಯ ವೇಗ ಪಶ್ಚಿಮಕ್ಕೆ ಸೆಕೆಂಡಿಗೆ 3 ಮೀಟರ್, ಉತ್ತರಕ್ಕೆ 3 ಮೀಟರ್ ಮೀರುವುದಿಲ್ಲ. ಸ್ವಂತ ಓಟವನ್ನು ಕೂಡಿಸಿದರೆ ಕಾಣುವ ವೇಗ ಸುಮಾರು 9.5 ಮೀಟರ್, ದಿಕ್ಕು ಉತ್ತರದಿಂದ ಪಶ್ಚಿಮಕ್ಕೆ 18 ಡಿಗ್ರಿ ಓರೆ. ಹದಿಮೂರಕ್ಕಿಂತ ಇದು ಎಷ್ಟೋ ವಾಸಿ. ಈ ಮಟ್ಟದ ಹೊರೆಯನ್ನು ಕಾಲು ಹೊರಬಲ್ಲದು.

ಹೇಗೆಂದರೆ, ಓಟದ ಅನಿಮೇಷನ್ನನ್ನು 1.2 ಪಟ್ಟು ವೇಗವಾಗಿ ಆಡಿಸಿದರೂ ಅಸಹಜ ಎನಿಸುವುದಿಲ್ಲ. ಜೊತೆಗೆ ಹೆಜ್ಜೆಯ ಅಗಲವನ್ನು 1.3 ಪಟ್ಟು ಹಿಗ್ಗಿಸಬಹುದು: ಪಾದಗಳು ಹೋಗಿ ಬೀಳುವ ಜಾಗವನ್ನು ದೂರ ಮಾಡಿ, ಸೊಂಟವನ್ನು ಕೊಂಚ ತಗ್ಗಿಸಿ, ಮೊಣಕಾಲು ಎಷ್ಟು ಮಡಚಬೇಕೆಂಬುದನ್ನು ಯಂತ್ರವೇ ಲೆಕ್ಕ ಹಾಕುವಂತೆ ಬಿಡುವುದು. ಇದಕ್ಕೆ ಸ್ಟ್ರೈಡ್ ವಾರ್ಪಿಂಗ್ ಎಂದು ಹೆಸರು. ಆರಕ್ಕೆ 1.2, 1.3 ಎರಡನ್ನೂ ಗುಣಿಸಿದರೆ 9.4 ಮೀಟರ್, ನಮಗೆ ಬೇಕಾದದ್ದು ಹತ್ತಿರ ಹತ್ತಿರ ಸಿಕ್ಕಿತು. 18 ಡಿಗ್ರಿಯ ಓರೆಗೆ ಸೊಂಟದಿಂದ ಕೆಳಗಿನ ಭಾಗವನ್ನಷ್ಟೇ ಆ ಕಡೆ ತಿರುಗಿಸಿ, ಬೆನ್ನಿನ ಗಂಟುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಿರುಗಿಸುತ್ತಾ ಬಂದರೆ ಎದೆ, ತೋಳು, ಬಂದೂಕು ಉತ್ತರಕ್ಕೇ ಮುಖ ಮಾಡಿರುತ್ತವೆ. ಬಂದೂಕಿನ ದಿಕ್ಕನ್ನು ಮಾತ್ರ ಎಂದೂ ಮುಟ್ಟಬಾರದು. ಎದುರಾಳಿ ತನ್ನತ್ತ ಗುರಿ ಇಟ್ಟಿದ್ದಾನೋ ಇಲ್ಲವೋ ಎಂಬುದನ್ನು ಆಟಗಾರ ಓದುವುದು ಅಲ್ಲಿಂದಲೇ.

ಇಷ್ಟಾದ ಮೇಲೂ ಉಳಿಯುವ ಚೂರುಪಾರು ಜಾರುವಿಕೆಗೆ ಪಾದವನ್ನು ಕಟ್ಟಿಹಾಕುವ ಉಪಾಯವಿದೆ. ಪ್ರತಿ ಅನಿಮೇಷನ್ನಿನಲ್ಲೂ ಯಾವ ಪಾದ ಯಾವಾಗ ನೆಲ ಮುಟ್ಟಿರುತ್ತದೆ ಎಂದು ಗುರುತು ಹಾಕಿರುತ್ತಾರೆ. ಆ ಅವಧಿಯಲ್ಲಿ ಪಾದವನ್ನು ಅದು ಮೊದಲು ಮುಟ್ಟಿದ ಜಾಗಕ್ಕೇ ಬಿಗಿದು, ಮೇಲಿನ ದೇಹ ಹೇಗೆ ಸರಿದರೂ ಮೊಣಕಾಲಿನ ಮಡಿಕೆಯಿಂದ ಸರಿದೂಗಿಸುತ್ತಾರೆ. ಇದಕ್ಕೂ ಮಿತಿ ಬೇಕು. ದೇಹ ಹದಿನೈದಿಪ್ಪತ್ತು ಸೆಂಟಿಮೀಟರಿಗಿಂತ ಹೆಚ್ಚು ಆಚೆ ಹೋದರೆ ಬಿಗಿತವನ್ನು ಬಿಟ್ಟು, ಆ ಪಾದ ಹೊಸ ಹೆಜ್ಜೆ ಇಡುವಂತೆ ಮಾಡಬೇಕು. ಪಾತ್ರ ನಿಜವಾಗಿಯೇ ಎಗರಿದ ಕ್ಷಣದಲ್ಲಿ ಬಿಗಿತವನ್ನು ಮರೆಯದೆ ಅಳಿಸಿಹಾಕಬೇಕು. ಇಲ್ಲದಿದ್ದರೆ ಒಂದು ಚಿತ್ರದ ಮಟ್ಟಿಗೆ ಕಾಲು ರಬ್ಬರಿನ ಹಾಗೆ ಹಳೆಯ ಜಾಗದ ಕಡೆ ಎಳೆದುಕೊಳ್ಳುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದ ಆಟಗಳಲ್ಲೂ ನಾನು ಈ ಕೊರತೆಯನ್ನು ಕಂಡಿದ್ದೇನೆ, ಯಾಕೆಂದರೆ ಎಗರುವ ಸಂದರ್ಭವನ್ನು ಯಾರೂ ನಿಧಾನಗತಿಯಲ್ಲಿ ನೋಡಿರುವುದಿಲ್ಲ.

ನಮ್ಮ ಪಾತ್ರ ಪೂರ್ವದಿಂದ ಉತ್ತರಕ್ಕೆ ತಿರುಗಿದ್ದು ನಮಗೆ ತಡವಾಗಿ ಗೊತ್ತಾಯಿತಲ್ಲ, ಭಂಗಿಯೂ ಅಷ್ಟೇ ಥಟ್ಟನೆ ಬದಲಾಗಬೇಕಾಗುತ್ತದೆ. ಹಿಂದೆ ಹಳೆಯ ಅನಿಮೇಷನ್ ಮತ್ತು ಹೊಸದನ್ನು ಒಟ್ಟಿಗೆ ಓಡಿಸಿ, ಒಂದನ್ನು ಮಸುಕಾಗಿಸುತ್ತಾ ಇನ್ನೊಂದನ್ನು ಗಾಢವಾಗಿಸುತ್ತಿದ್ದರು. 'ಗೇರ್ಸ್ ಆಫ್ ವಾರ್' ತಂಡದ ಡೇವಿಡ್ ಬೊಲ್ಲೊ 2018ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ಬೇರೊಂದು ರೀತಿಯನ್ನು ವಿವರಿಸಿದರು, ಇನರ್ಷಿಯಲೈಸೇಷನ್ ಎಂಬ ಹೆಸರಿನಲ್ಲಿ. ಬದಲಾಗುವ ಕ್ಷಣದಲ್ಲಿ ಪ್ರತಿ ಕೀಲಿನ ಹಳೆಯ ಭಂಗಿಗೂ ಹೊಸ ಭಂಗಿಗೂ ಇರುವ ವ್ಯತ್ಯಾಸವನ್ನು, ಅದರ ವೇಗವನ್ನೂ ಸೇರಿಸಿ ಬರೆದಿಟ್ಟುಕೊಳ್ಳುವುದು. ಆಮೇಲೆ ಹೊಸ ಅನಿಮೇಷನ್ನನ್ನು ಮಾತ್ರ ಓಡಿಸುತ್ತಾ ಆ ವ್ಯತ್ಯಾಸವನ್ನು ಕರಗಿಸುವುದು. ಮೆಶ್ ಮತ್ತು ಕ್ಯಾಪ್ಸೂಲಿನ ನಡುವೆ ಮಾಡಿದ್ದನ್ನೇ ಇಲ್ಲಿ ಮೊಣಕೈ, ಮೊಣಕಾಲುಗಳಿಗೆ ಮಾಡಿದ ಹಾಗಾಯಿತು. ಹಳೆಯ ಚಲನೆಯ ರಭಸ ಹೊಸದಕ್ಕೆ ಹರಿದು ಬರುವುದರಿಂದ ದೂರದ ಆಟಗಾರರ ಥಟ್ಟನೆಯ ತಿರುವುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಇನ್ನೊಂದು ದೋಷ ಪ್ಯಾಕೆಟ್ ಕಳೆಯದೆಯೂ ಬರುತ್ತದೆ. ಜಾಗದ ಸುದ್ದಿ ಬಫರಿನಲ್ಲಿ 100 ಮಿಲಿಸೆಕೆಂಡ್ ಕಾಯುತ್ತದೆ. 'ನೆಗೆದ', 'ಗುಂಡು ಹೊಡೆದ' ಎಂಬಂಥ ಒಂದೇ ಸಲದ ಘಟನೆಗಳನ್ನು ಆಟ ಬರೆದವರು ಬೇರೆ ದಾರಿಯಲ್ಲಿ ಕಳಿಸಿ, ಬಂದ ಕೂಡಲೇ ಆಡಿಸಿಬಿಡುತ್ತಾರೆ. ಪರಿಣಾಮವಾಗಿ ಪಾತ್ರ ನೆಲದ ಮೇಲೇ ಓಡುತ್ತಾ ಗಾಳಿಯಲ್ಲಿ ಕಾಲು ಮಡಚುತ್ತದೆ. ದೇಹ ಮೇಲೇಳುವುದು ಹತ್ತನೇ ಒಂದು ಸೆಕೆಂಡಿನ ನಂತರ. ಘಟನೆಗೂ ಸರ್ವರಿನ ಕಾಲದ ಗುರುತು ಹಾಕಿ, ಅದನ್ನೂ ಅದೇ ಬಫರಿನ ಸಾಲಿನಲ್ಲಿ ನಿಲ್ಲಿಸಿದರೆ ಸರಿಹೋಗುತ್ತದೆ. ಹೀಗೆ ಮಾಡಿದಾಗ ಒಂದು ಲಾಭವೂ ಇದೆ, ಬಹಳ ಜನ ಬಳಸದೆ ಬಿಡುವ ಲಾಭ. ನಾವು ತೋರಿಸುತ್ತಿರುವ ಪಾತ್ರದ ಮುಂದಿನ 100 ಮಿಲಿಸೆಕೆಂಡ್ ನಮ್ಮ ಕೈಯಲ್ಲೇ ಇದೆ. ಅವನು ಮುಂದೆ ನಿಲ್ಲಲಿದ್ದಾನೆ, ತಿರುಗಲಿದ್ದಾನೆ ಎಂಬುದನ್ನು ಬಫರಿನಲ್ಲಿ ಇಣುಕಿ ನೋಡಿ ತಿಳಿಯಬಹುದು. ನಿಲ್ಲುವವನ ಹಿಮ್ಮಡಿ ಊರುವ ಅನಿಮೇಷನ್ನನ್ನು ಅವನು ನಿಲ್ಲುವುದಕ್ಕೆ ಮುಂಚೆಯೇ ಶುರುಮಾಡಿ, ಪಾದ ಸರಿಯಾದ ಜಾಗದಲ್ಲೇ ಬೀಳುವಂತೆ ಮಾಡಬಹುದು. ತಡವನ್ನು ಒಪ್ಪಿಕೊಂಡಿದ್ದಕ್ಕೆ ಸಿಕ್ಕ ಪ್ರತಿಫಲ ಅದು.

ಇವೆಲ್ಲ ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಕಚೇರಿಯ ಒಳ್ಳೆಯ ನೆಟ್‌ವರ್ಕ್ ಸಾಲದು. ಅದನ್ನು ಬೇಕೆಂದೇ ಕೆಡಿಸಬೇಕು. ಲಿನಕ್ಸ್ ಯಂತ್ರದಲ್ಲಿ ಒಂದೇ ಸಾಲು ಸಾಕು:

```
tc qdisc add dev eth0 root netem delay 80ms 20ms loss 3%
```

ಹೊರಹೋಗುವ ಪ್ರತಿ ಪ್ಯಾಕೆಟಿಗೆ 80 ಮಿಲಿಸೆಕೆಂಡ್ ತಡ, ಅದರಲ್ಲಿ 20ರಷ್ಟು ಏರಿಳಿತ, ನೂರಕ್ಕೆ ಮೂರು ಪ್ಯಾಕೆಟ್ ನಷ್ಟ. ಹೀಗೆ ಕೆಡಿಸಿದ ಮೇಲೆ ಕ್ಯಾಪ್ಸೂಲ್ ಮತ್ತು ಮೆಶ್ ಎರಡನ್ನೂ ಪರದೆಯ ಮೇಲೆ ಕಾಣುವಂತೆ ಬರೆಸಿ, ರೆಕಾರ್ಡ್ ಮಾಡಿ, ಒಂದೊಂದೇ ಚಿತ್ರ ಮುಂದೆ ಸರಿಸುತ್ತಾ ನೋಡಬೇಕು. ಕ್ಯಾಪ್ಸೂಲೇ ಪದೇಪದೇ ಎಗರುತ್ತಿದ್ದರೆ ಬಫರ್ ಚಿಕ್ಕದಾಗಿದೆ. ಕ್ಯಾಪ್ಸೂಲ್ ನೆಟ್ಟಗಿದ್ದು ಮೆಶ್ ಅದರ ಸುತ್ತ ಓಲಾಡುತ್ತಿದ್ದರೆ ಅಂತರ ಕರಗಿಸುವ ಕ್ರಮದಲ್ಲಿ ದೋಷ. ಎರಡೂ ಸರಾಗವಾಗಿದ್ದು ಪಾದ ಮಾತ್ರ ಜಾರುತ್ತಿದ್ದರೆ ಕಾಲಿಗೆ ತಪ್ಪು ವೇಗ ಹೋಗುತ್ತಿದೆ. ನೆಲ ಮುಟ್ಟಿದ ಪಾದದ ವೇಗವನ್ನು ಪ್ರತಿ ಚಿತ್ರಕ್ಕೂ ದಾಖಲಿಸಿದರೆ ಕಣ್ಣಿನ ಅಂದಾಜೂ ಬೇಡ. ಅದು ಸೊನ್ನೆಯ ಹತ್ತಿರ ಇರಬೇಕು. ನಿಂತಿರುವ ಪಾತ್ರ ಆಗಾಗ ಒಂದು ಹೆಜ್ಜೆ ಎತ್ತಿಹಾಕುವಂತೆ ಕಂಡರೆ, ಜಾಗದ ಚಿಕ್ಕ ಚಿಕ್ಕ ಏರಿಳಿತಗಳನ್ನೇ ವೇಗವೆಂದು ಓದಲಾಗುತ್ತಿದೆ ಎಂದರ್ಥ. ನಡೆಯಲು ಶುರುಮಾಡುವ ಗಡಿಯನ್ನು ಸೆಕೆಂಡಿಗೆ ಅರ್ಧ ಮೀಟರಿಗೂ, ನಿಲ್ಲುವ ಗಡಿಯನ್ನು ಅದಕ್ಕಿಂತ ಕೆಳಗೆ 0.2 ಮೀಟರಿಗೂ ಇಟ್ಟರೆ ಆ ಚಡಪಡಿಕೆ ನಿಲ್ಲುತ್ತದೆ.

ಎಲ್ಲವೂ ಸರಿಯಾದ ಮೇಲೂ ಬಗೆಹರಿಯದೆ ಉಳಿಯುವ ಒಂದು ಮಾತಿದೆ. ನಾವು ಗುರಿ ಇಡುವುದು ಕಣ್ಣಿಗೆ ಕಾಣುವ ಮೆಶ್‌ಗೆ. ಗುಂಡು ತಾಗಿತೋ ಇಲ್ಲವೋ ಎಂದು ತೀರ್ಮಾನಿಸುವುದು ಸರ್ವರ್. ನಾವು ಹಿಂದಿನ ಕಾಲವನ್ನು ನೋಡುತ್ತಿದ್ದೇವೆ ಎಂಬುದು ಸರ್ವರಿಗೆ ಗೊತ್ತಿರುತ್ತದೆ. ಗುಂಡಿನ ಸುದ್ದಿ ಬಂದಾಗ ಅದು ಎಲ್ಲ ಪಾತ್ರಗಳನ್ನೂ ನಮ್ಮ ತಡದಷ್ಟು ಹಿಂದಕ್ಕೆ ಸರಿಸಿ, ಆ ಕ್ಷಣದಲ್ಲಿ ತಾಗಿತ್ತೇ ಎಂದು ನೋಡುತ್ತದೆ. ಬಫರಿನ 100 ಮಿಲಿಸೆಕೆಂಡ್ ಆ ಲೆಕ್ಕದಲ್ಲಿ ಸೇರಿರುತ್ತದೆ. ಆದರೆ ನಮ್ಮ ಯಂತ್ರ ಮೆಶ್ಶನ್ನು ಕ್ಯಾಪ್ಸೂಲಿನಿಂದ ಎಷ್ಟು ಆಚೆ ಇಟ್ಟುಕೊಂಡಿತ್ತು ಎಂಬುದು ಸರ್ವರಿಗೆ ತಿಳಿಯದು. ತಿದ್ದುಪಡಿ ನಡೆಯುತ್ತಿರುವ ಆ 0.3 ಸೆಕೆಂಡಿನಲ್ಲಿ, ಎದುರಾಳಿಯ ಎದೆಗೆ ಸರಿಯಾಗಿ ಗುರಿ ಇಟ್ಟ ಗುಂಡೂ ಹುಸಿಯಾಗಬಹುದು. ಅಂತರವನ್ನು ಹೆಚ್ಚು ಹೊತ್ತು ಮೆಲ್ಲಗೆ ಕರಗಿಸಿದಷ್ಟೂ ನೋಟ ಚೆಂದ, ಗುರಿ ಸುಳ್ಳು. ಬಫರನ್ನು ದೊಡ್ಡದು ಮಾಡಿದರೆ ಗುರಿ ನಿಜವಾಗುತ್ತದೆ, ಆದರೆ ಗೋಡೆಯ ಮರೆಗೆ ಸೇರಿಯಾಯಿತು ಎಂದುಕೊಂಡವನಿಗೆ ಅಲ್ಲೇ ಗುಂಡು ತಾಗುತ್ತದೆ. ಅದಕ್ಕಾಗಿಯೇ ಗುರಿ ಮುಖ್ಯವಾದ ಶೂಟಿಂಗ್ ಆಟದಲ್ಲಿ ಅಂತರವನ್ನು ಬೇಗ ಕರಗಿಸಿ ಒಂದಿಷ್ಟು ಜಾರುವಿಕೆಯನ್ನು ಸಹಿಸಿಕೊಳ್ಳುತ್ತಾರೆ. ಜೊತೆಯಾಗಿ ಅಲೆದಾಡುವ ಸಾಹಸದ ಆಟದಲ್ಲಿ ಅರ್ಧ ಸೆಕೆಂಡು ತೆಗೆದುಕೊಂಡು ಪಾದವನ್ನು ನೆಲದ ಮೇಲೆ ಗಟ್ಟಿಯಾಗಿ ನಿಲ್ಲಿಸುತ್ತಾರೆ.